ಕರ್ಚೀಫು ಎಷ್ಟು ಫ್ರೇಮು ಹಾರಬೇಕು?

ಹಬ್ಬದ ಹಿಂದಿನ ದಿನ ಸಂಜೆ ಪುಣೆಯ ಸ್ವಾರಗೇಟ ಎಸ್‌ಟಿ ಸ್ಟ್ಯಾಂಡಿಗೆ ಹೋದವರಿಗೆ ಈ ನೋಟ ಹೊಸದಲ್ಲ. ಸಾತಾರಾ, ಕೊಲ್ಹಾಪುರ, ಬೆಳಗಾವಿ ಕಡೆಯ ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಆಗಲೇ ಬಾಗಿಲಲ್ಲಿ ಮೂವತ್ತು ಜನ ಸಿಕ್ಕಿಕೊಂಡಿರುತ್ತಾರೆ. ಅನುಭವಸ್ಥರು ಬಾಗಿಲ ಕಡೆ ಹೋಗುವುದೇ ಇಲ್ಲ. ಕಿಟಕಿಯ ಕೆಳಗೆ ನಿಂತು ಕರ್ಚೀಫನ್ನೋ ಟವೆಲನ್ನೋ ಟೊಪ್ಪಿಗೆಯನ್ನೋ ಒಳಗೆ ಎಸೆಯುತ್ತಾರೆ. ಬಟ್ಟೆ ಬಿದ್ದ ಸೀಟು ಅವರದು. ಇದು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ, ಆದರೆ ಹುಬ್ಬಳ್ಳಿಯಿಂದ ಪುಣೆಯವರೆಗೆ ಎಲ್ಲರಿಗೂ ಗೊತ್ತು. ಬಟ್ಟೆ ಕಂಡವರು ಗೊಣಗುತ್ತಲೇ ಎದ್ದು ನಿಲ್ಲುತ್ತಾರೆ.

ಮಾತೇ ಇಲ್ಲದ ಒಂದು ಅನಿಮೇಷನ್ ಕಿರುಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ. ಆದರೆ ಇಂಥ ಚಿತ್ರಕ್ಕೆ ನಮ್ಮಲ್ಲಿ ಸ್ಕ್ರಿಪ್ಟು ಎಂಬ ಹೆಸರಿನಲ್ಲಿ ತಯಾರಾಗುವ ಹಾಳೆಯನ್ನು ಒಮ್ಮೆ ನೋಡಬೇಕು. ಅದು ಹೆಚ್ಚುಕಡಿಮೆ ಹೀಗಿರುತ್ತದೆ: 'ಬಸ್ ನಿಲ್ದಾಣ. ಹಗಲು. ನಾಯಕ ತಮಾಷೆಯಾಗಿ ಕರ್ಚೀಫು ಎಸೆಯುತ್ತಾನೆ. ಗುರಿ ತಪ್ಪುತ್ತದೆ. ಗೊಂದಲ. ಒಂದರ ಹಿಂದೊಂದು ಹಾಸ್ಯಮಯ ಪ್ರಸಂಗಗಳು. ಕೊನೆಗೆ ಬಸ್ಸು ತಪ್ಪುತ್ತದೆ.' ಇದನ್ನು ಬರೆದವರು ತಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಓದಿದ ನಿರ್ಮಾಪಕರೂ ಹಾಗೇ ಅಂದುಕೊಳ್ಳುತ್ತಾರೆ. ಮಾತಿಲ್ಲವಲ್ಲ, ಇನ್ನೇನು ಬರೆಯುವುದಿದೆ, ನಗು ಬರಿಸುವುದನ್ನು ಅನಿಮೇಟರ್ ನೋಡಿಕೊಳ್ಳುತ್ತಾನೆ ಎಂಬುದು ವಾದ. ಪದಕ್ಕಿಷ್ಟು, ಪುಟಕ್ಕಿಷ್ಟು ಎಂದು ಸಂಭಾವನೆ ಲೆಕ್ಕ ಹಾಕುವ ಲೋಕದಲ್ಲಿ ಪದವಿಲ್ಲದ ಬರವಣಿಗೆಗೆ ಬೆಲೆ ಹೇಗೆ ಕಟ್ಟಬೇಕು ಎಂಬ ಗಲಿಬಿಲಿಯೂ ಇದರ ಹಿಂದೆ ಇದೆ.

ಈ ವಾದ ತಪ್ಪು. ಮೇಲಿನ ಹಾಳೆಯಲ್ಲಿ 'ತಮಾಷೆಯಾಗಿ' ಎಂಬ ಪದವಿದೆ, ತಮಾಷೆ ಇಲ್ಲ. ಅದು ಅಡುಗೆ ಪುಸ್ತಕದಲ್ಲಿ 'ಸಾರನ್ನು ರುಚಿಯಾಗಿ ಮಾಡಿ' ಎಂದು ಬರೆದ ಹಾಗೆ. ಮಾತಿಲ್ಲದ ಹಾಸ್ಯದಲ್ಲಿ ಬರೆಯಬೇಕಾದದ್ದು ಮೂರು ವಿಷಯ: ವಸ್ತು ಎಲ್ಲಿದೆ, ಅದು ಯಾರಿಗೆ ಗೊತ್ತು, ಎಷ್ಟು ಹೊತ್ತು. ಇವು ಮೂರನ್ನೂ ಕಾಗದದ ಮೇಲೆ ತೀರ್ಮಾನಿಸಬಹುದು, ತೀರ್ಮಾನಿಸಬೇಕು. ಮಾತಿನ ಚಿತ್ರದಲ್ಲಿ ಸಂಭಾಷಣೆ ಯಾವ ಭಾರ ಹೊರುತ್ತದೋ ಇಲ್ಲಿ ಈ ಮೂರು ಅದೇ ಭಾರ ಹೊರುತ್ತವೆ.

ಸ್ವಾರಗೇಟಿನ ಕರ್ಚೀಫನ್ನೇ ಹಿಡಿದು ನೋಡಬಹುದು. ಒಬ್ಬ ಕುಳ್ಳ ಮನುಷ್ಯ, ಕೈಯಲ್ಲಿ ಬಾಕರವಡಿಯ ಪೊಟ್ಟಣ, ಊರಿಗೆ ಹೊರಟಿದ್ದಾನೆ. ಕಿಟಕಿಯಿಂದ ಕರ್ಚೀಫು ಎಸೆಯುತ್ತಾನೆ. ಹಗುರವಾದ ಬಟ್ಟೆ ಗಾಳಿಗೆ ಹಿಂದಕ್ಕೆ ಬಂದು ಅವನ ಮುಖದ ಮೇಲೇ ಕೂರುತ್ತದೆ. ತೂಕ ಬೇಕು. ಜೇಬಿನಿಂದ ಒಂದು ನಾಣ್ಯ ತೆಗೆದು, ಅಂಗೈಯಲ್ಲಿ ತೂಗಿ, ಸಾಲದೆಂದು ವಾಪಸ್ ಇಡುತ್ತಾನೆ. ಆಮೇಲೆ ದೊಡ್ಡದೊಂದು ಬೀಗದ ಕೈ ತೆಗೆದು ಕರ್ಚೀಫಿನ ಮೂಲೆಗೆ ಗಂಟು ಹಾಕಿ ಎಸೆಯುತ್ತಾನೆ. ಈಗ ತೂಕ ಹೆಚ್ಚಾಯಿತು. ಕರ್ಚೀಫು ಈ ಕಿಟಕಿಯಿಂದ ಒಳಹೋಗಿ, ಬಸ್ಸನ್ನು ಅಡ್ಡ ದಾಟಿ, ಆ ಕಿಟಕಿಯಿಂದ ಹೊರಬಿದ್ದು, ಪಕ್ಕದಲ್ಲಿ ನಿಂತ ಬೇರೆ ಊರಿನ ಬಸ್ಸಿನ ಸೀಟಿನ ಮೇಲೆ ಬೀಳುತ್ತದೆ. ಅವನು ಇದನ್ನು ನೋಡಿಲ್ಲ. ಆ ಬಸ್ಸು ಹೊರಡುತ್ತದೆ.

ಇಷ್ಟು ಕಥೆ. ಇಲ್ಲಿಗೆ ಯಾರಿಗೂ ನಗು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬರವಣಿಗೆ ಶುರುವಾಗುವುದು ಇಲ್ಲಿಂದ.

ಮೊದಲ ಪ್ರಶ್ನೆ, ಬಟ್ಟೆ ಬಿದ್ದ ಸೀಟು ಎಸೆದವರದು ಎಂಬ ನಿಯಮ ನೋಡುಗನಿಗೆ ಗೊತ್ತೇ? ಕಲಬುರಗಿಯವರಿಗೆ ಗೊತ್ತು, ಕೊರಿಯಾದವರಿಗೆ ಗೊತ್ತಿಲ್ಲ. ಮಾತಿಲ್ಲದ ಚಿತ್ರವನ್ನು ಯಾರು ಬೇಕಾದರೂ ನೋಡಬಹುದು ಎಂದು ಹೆಮ್ಮೆಪಡುವವರು ಈ ಪ್ರಶ್ನೆಯನ್ನು ಎದುರಿಸಲೇಬೇಕು. ಉತ್ತರ ಸರಳ. ನಾಯಕ ಬರುವ ಮೊದಲೇ ಒಬ್ಬ ಹೆಂಗಸು ದುಪಟ್ಟಾ ಎಸೆಯುತ್ತಾಳೆ. ಒಳಗೆ ಆ ಸೀಟಿನ ಮೇಲೆ ಕೂರಲು ಬಗ್ಗಿದ ದಢೂತಿ ಪೈಲ್ವಾನನೊಬ್ಬ ದುಪಟ್ಟಾ ಕಂಡು, ಅರ್ಧಕ್ಕೇ ನಿಂತು, ಮೆಲ್ಲಗೆ ನೆಟ್ಟಗಾಗುತ್ತಾನೆ. ಹೆಂಗಸು ಬಂದು ಕೂರುತ್ತಾಳೆ. ಐದು ಸೆಕೆಂಡು. ಸೆಕೆಂಡಿಗೆ 24 ಫ್ರೇಮು, ಅಂದರೆ 24 ನಿಶ್ಚಲ ಚಿತ್ರ, ಎಂಬ ರೂಢಿಯ ಲೆಕ್ಕದಲ್ಲಿ ಇದು 120 ಫ್ರೇಮು. ಈ 120 ಫ್ರೇಮನ್ನು ಉಳಿಸಲು ಹೋದವರು ಮುಂದಿನ ಮೂರು ನಿಮಿಷವನ್ನು ಕಳೆದುಕೊಳ್ಳುತ್ತಾರೆ. ನಿಯಮ ಗೊತ್ತಿಲ್ಲದವನಿಗೆ ನಿಯಮ ಮುರಿದದ್ದು ಕಾಣುವುದಿಲ್ಲ. ಪೈಲ್ವಾನನೇ ಯಾಕೆ ಎಂದರೆ, ಅಷ್ಟು ದೊಡ್ಡ ಆಳೂ ತುಂಡು ಬಟ್ಟೆಗೆ ಹೆದರುತ್ತಾನೆ ಎಂದು ತೋರಿಸಿದರೆ ನಿಯಮದ ಬಲ ಎಷ್ಟೆಂಬುದೂ ಅದೇ ಐದು ಸೆಕೆಂಡಿನಲ್ಲಿ ತಿಳಿದುಬಿಡುತ್ತದೆ.

ಎರಡನೆಯ ಪ್ರಶ್ನೆ, ನೋಡುಗ ಎಲ್ಲಿ ನಿಂತಿದ್ದಾನೆ? ಹಾರುವ ಕರ್ಚೀಫನ್ನು ಹತ್ತಿರದಿಂದ ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ. ಹಾಗೆ ಮಾಡಿದ ಕೂಡಲೇ ಯಾವ ಬಸ್ಸು, ಯಾವ ಕಿಟಕಿ ಎಂಬುದೆಲ್ಲ ಕಲಸಿಹೋಗುತ್ತದೆ. ಎಸೆಯುವವನ ಬೆನ್ನ ಹಿಂದೆ ನಿಂತರೆ ಎರಡನೇ ಬಸ್ಸು ಮೊದಲನೆಯದರ ಮರೆಯಲ್ಲಿ ಅಡಗಿರುತ್ತದೆ. ಎಸ್‌ಟಿ ಸ್ಟ್ಯಾಂಡುಗಳಲ್ಲಿ ಸಾಮಾನ್ಯವಾಗಿ ಬಸ್ಸುಗಳು ಮೂತಿಯನ್ನು ಪ್ಲಾಟ್‌ಫಾರ್ಮಿನ ಕಡೆ ಮಾಡಿ ಸಾಲಾಗಿ ನಿಲ್ಲುತ್ತವೆ, ಹೊರಡುವಾಗ ಹಿಂದಕ್ಕೆ ಬರುತ್ತವೆ. ಹಾಗಾದರೆ ಕ್ಯಾಮೆರಾ ಎರಡೂ ಬಸ್ಸುಗಳ ಹಿಂಭಾಗದಲ್ಲಿ, ದೂರದಲ್ಲಿ ಇರಲಿ. ಎಡಗಡೆ ನಾಯಕ, ನಡುವೆ ಅವನ ಬಸ್ಸು, ಬಲಗಡೆ ಇನ್ನೊಂದು. ಹಿಂಬದಿಯ ಗಾಜಿನ ಮೂಲಕ ಎರಡರ ಒಳಗೂ ಕಾಣುತ್ತದೆ. ಕರ್ಚೀಫು ಪರದೆಯ ಮೇಲೆ ಎಡದಿಂದ ಬಲಕ್ಕೆ ಒಂದೇ ಗೆರೆಯಲ್ಲಿ ಹೋಗುತ್ತದೆ. ಇದಕ್ಕೆ ಒಂದೂ ಕಟ್ ಬೇಕಿಲ್ಲ. ಎರಡನೇ ಬಸ್ಸು ಹೊರಡುವಾಗ ನಮ್ಮ ಕಡೆಗೇ ಹಿಂದಕ್ಕೆ ಬರುವುದರಿಂದ, ಕರ್ಚೀಫು ಕೂತ ಸೀಟು ತಾನಾಗಿಯೇ ಹತ್ತಿರವಾಗುತ್ತದೆ. ಡ್ರೈವರ್ ನಮಗೆ ಕ್ಲೋಸಪ್ ಒದಗಿಸಿಕೊಟ್ಟ!

'ಸ್ಟೀಮ್‌ಬೋಟ್ ಬಿಲ್, ಜೂನಿಯರ್' (1928) ಚಿತ್ರದಲ್ಲಿ ಮನೆಯ ಮುಂಗೋಡೆ ಪೂರ್ತಿ ಬಸ್ಟರ್ ಕೀಟನ್ ಮೇಲೆ ಬೀಳುತ್ತದೆ, ಅವನು ತೆರೆದ ಕಿಟಕಿಯ ಜಾಗದಲ್ಲಿ ನಿಂತಿರುವುದರಿಂದ ಉಳಿಯುತ್ತಾನೆ. ಆ ಕ್ಷಣಕ್ಕೆ ಕ್ಯಾಮೆರಾ ದೂರದಲ್ಲಿದೆ, ಅಲುಗುವುದಿಲ್ಲ. ಗೋಡೆ, ಕಿಟಕಿ, ಮನುಷ್ಯ ಮೂರೂ ಒಟ್ಟಿಗೆ ಕಂಡರಷ್ಟೇ ಅದು ಕೆಲಸ ಮಾಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವನಿಗಾದರೋ ನಿಜವಾದ ಗೋಡೆ. ಅನಿಮೇಷನ್‌ನಲ್ಲಿ ಯಾವ ಅಪಾಯವೂ ಇಲ್ಲ, ಆದ್ದರಿಂದಲೇ ಏನೋ ಕ್ಯಾಮೆರಾವನ್ನು ಸುಮ್ಮನಿರಿಸಲು ಯಾರಿಗೂ ಮನಸ್ಸಾಗುವುದಿಲ್ಲ.

ಇನ್ನು ಸಮಯ. ತೋಳು ಹಿಂದಕ್ಕೆ ಎಳೆದು ಗುರಿ ಹಿಡಿಯಲು 12 ಫ್ರೇಮು ಎನ್ನೋಣ, ಕೈಬಿಟ್ಟು ಕಿಟಕಿ ಮುಟ್ಟಲು 4, ಬಸ್ಸನ್ನು ದಾಟಲು ಇನ್ನು 4. ತೊಂದರೆ ಇರುವುದು ಇಲ್ಲೇ. ನಾಲ್ಕು ಫ್ರೇಮು ಎಂದರೆ ಸೆಕೆಂಡಿನ ಆರನೇ ಒಂದು ಭಾಗ. ಕಡಿಮೆ ಖರ್ಚಿನ ಅನಿಮೇಷನ್‌ನಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮು ಹಿಡಿಯುವುದು ವಾಡಿಕೆ, ಹಾಗಾಗಿ ಒಳಗಿನ ಪ್ರಯಾಣಕ್ಕೆ ಸಿಗುವುದು ಎರಡೇ ಚಿತ್ರ. ನೋಡುಗನಿಗೆ ಏನೋ ಬಿಳಿಯದು ಸರಕ್ಕನೆ ಹೋದಂತೆ ಕಾಣುತ್ತದೆ. ಅದು ಒಳಗೇ ಉಳಿಯಿತೋ ಹೊರಗೆ ಬಿತ್ತೋ ತಿಳಿಯುವುದಿಲ್ಲ. ನಿಧಾನ ಮಾಡಿದರೆ ತೂಕ ಸತ್ತುಹೋಗುತ್ತದೆ, ಬೀಗದ ಕೈ ಕಟ್ಟಿದ ಬಟ್ಟೆ ಪುಕ್ಕದ ಹಾಗೆ ತೇಲುತ್ತದೆ.

ಇದನ್ನು ಅನಿಮೇಟರ್ ಸರಿಮಾಡಲಾರ, ಯಾಕೆಂದರೆ ಇದು ಚಿತ್ರ ಬರೆಯುವ ತಪ್ಪಲ್ಲ, ಘಟನೆಯ ತಪ್ಪು. ಘಟನೆಯನ್ನೇ ಬದಲಿಸಬೇಕು. ನಿಂತವರು ಹಿಡಿದುಕೊಳ್ಳುವ ಕಬ್ಬಿಣದ ಸರಳಿಗೆ ಕರ್ಚೀಫು ತಾಗಿ, ಬೀಗದ ಕೈಯ ಭಾರಕ್ಕೆ ಎರಡು ಸುತ್ತು ಗಿರ್ರನೆ ತಿರುಗಿ, ಬಿಚ್ಚಿಕೊಂಡು ಮುಂದೆ ಹಾರಲಿ. ಈ ಸುತ್ತಿಗೆ 16 ಫ್ರೇಮು ಕೊಡಬಹುದು. ವೇಗ ಕಡಿಮೆಯಾಗಲಿಲ್ಲ, ಆದರೆ ಕಣ್ಣಿಗೆ ಒಂದೇ ಜಾಗದಲ್ಲಿ ಅದನ್ನು ಹಿಡಿಯಲು ಸಮಯ ಸಿಕ್ಕಿತು. ಜೊತೆಗೆ ಇನ್ನೇನು ಸರಳಿನಲ್ಲೇ ಉಳಿಯಬಹುದು ಎಂಬ ಸುಳ್ಳು ಭರವಸೆಯೂ ಹುಟ್ಟಿತು. ಆಮೇಲೆ ಹೊರಗೆ ಹಾರಿ ಪಕ್ಕದ ಬಸ್ಸು ಸೇರಲು 6, ಸೀಟಿನ ಮೇಲೆ ಕೂರಲು 2. ಒಟ್ಟು 44 ಫ್ರೇಮು, ಎರಡು ಸೆಕೆಂಡಿಗಿಂತ ಕಡಿಮೆ. 'ಗುರಿ ತಪ್ಪುತ್ತದೆ' ಎಂಬ ಎರಡು ಪದದಲ್ಲಿ ಸರಳೂ ಇರಲಿಲ್ಲ, ಸುತ್ತೂ ಇರಲಿಲ್ಲ.

ನಗು ಇನ್ನೂ ಬಂದಿಲ್ಲ. ಅದು ಬರಬೇಕಾದದ್ದು ಹಾರಾಟದಲ್ಲಿ ಅಲ್ಲ, ಅವನಿಗೆ ತಿಳಿಯುವ ಹೊತ್ತಿನಲ್ಲಿ. ನೋಡುಗನಿಗೆ ಆಗಲೇ ಗೊತ್ತಾಗಿದೆ, ಅವನಿಗೆ ಗೊತ್ತಿಲ್ಲ. ಈ ಅಂತರವೇ ಬಂಡವಾಳ, ಅದನ್ನು ಬೇಗ ಖರ್ಚು ಮಾಡಬಾರದು. ಅವನು ಎರಡು ಕೈ ತಟ್ಟಿ ಧೂಳು ಕೊಡವುತ್ತಾನೆ, ಒಂದು ಸೆಕೆಂಡು. ಪೊಟ್ಟಣ ಬಗಲಲ್ಲಿಟ್ಟುಕೊಂಡು, ಸೀಟು ಸಿಕ್ಕವನ ಠೀವಿಯಲ್ಲಿ, ಬಾಗಿಲಿಗೆ ನಡೆಯುತ್ತಾನೆ. ಆತುರವೇ ಇಲ್ಲ. ಮಹಾರಾಷ್ಟ್ರದ ಎಸ್‌ಟಿಯಲ್ಲಿ ಬಸ್ಸು ಹೊರಡಿಸಲು ಕಂಡಕ್ಟರ್ ಎರಡು ಸಲ ಗಂಟೆ ಹೊಡೆಯುತ್ತಾನೆ. ಈ 'ಡಬಲ್ ಬೆಲ್' ಈಗ ಪಕ್ಕದ ಬಸ್ಸಿನಲ್ಲಿ ಕೇಳುತ್ತದೆ. ಅವನ ಬೆನ್ನ ಹಿಂದೆ ಆ ಬಸ್ಸು ಹಿಂದಕ್ಕೆ ಸರಿಯುತ್ತದೆ. ಅವನು ಮೆಟ್ಟಿಲು ಹತ್ತುತ್ತಾನೆ.

ಈಗ ಒಳಗೆ. ಅವನ ಮುಖ ಮತ್ತು ಆಚೆ ಬದಿಯ ಕಿಟಕಿ ಒಂದೇ ಚೌಕಟ್ಟಿನಲ್ಲಿ ಇವೆ. ಸೀಟಿನ ಮೇಲೆ ಕರ್ಚೀಫಿಲ್ಲ, ಬೇರೆ ಯಾರೋ ಕೂತಿದ್ದಾರೆ. ಅವನು 20 ಫ್ರೇಮು ಅಲುಗುವುದಿಲ್ಲ. ಒಮ್ಮೆ ಕಣ್ಣು ಮಿಟುಕಿಸುತ್ತಾನೆ, 4 ಫ್ರೇಮು. ಮತ್ತೆ 12 ಫ್ರೇಮು ಸುಮ್ಮನೆ. ಎಂಟು ಫ್ರೇಮಿನಲ್ಲಿ ಕತ್ತು ಆಚೆ ಕಿಟಕಿಗೆ ತಿರುಗುತ್ತದೆ. ಅಲ್ಲಿ ಬಸ್ಸಿಲ್ಲ, ಬಸ್ಸಿನ ಆಕಾರದ ಬಿಸಿಲಿದೆ. ಅದರ ಮೇಲೆ 30 ಫ್ರೇಮು. ಒಟ್ಟು ಮೂರು ಸೆಕೆಂಡಿನಷ್ಟು ಹೊತ್ತು ಪರದೆಯ ಮೇಲೆ ಏನೂ ನಡೆಯುವುದಿಲ್ಲ. ಈ ಏನೂ ನಡೆಯದ್ದನ್ನು ಬರೆಯದಿದ್ದರೆ ಯಾರೂ ತಾವಾಗಿ ಸೇರಿಸುವುದಿಲ್ಲ. ಖಾಲಿ ಜಾಗ ಕಂಡರೆ ಚಿತ್ರ ಬರೆಯುವವರ ಕೈ ತುರಿಸುತ್ತದೆ, ಅವನ ಕಣ್ಣುಗುಡ್ಡೆ ಹೊರಗೆ ಚಿಮ್ಮಿಸುತ್ತಾರೆ, ದವಡೆ ನೆಲಕ್ಕೆ ಬೀಳಿಸುತ್ತಾರೆ, ಹಿಂದೆ 'ಟೊಂಯ್' ಎಂಬ ಸದ್ದು ಹಾಕುತ್ತಾರೆ. ನೋಡುಗ ನಗಬೇಕಾದ ಜಾಗದಲ್ಲಿ ಚಿತ್ರವೇ ನಕ್ಕು ಮುಗಿಸುತ್ತದೆ.

ಅಂಕಿ ಹಾಕಿ ನಗಿಸುವುದುಂಟೇ, ಟೈಮಿಂಗ್ ಎನ್ನುವುದು ಕೈಗೆ ಬರುವ ವಿದ್ಯೆ, ಕಾಗದಕ್ಕೆ ಬರುವುದಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ರೋಡ್ ರನ್ನರ್ ಚಿತ್ರಗಳನ್ನು ಮಾಡಿದ ಚಕ್ ಜೋನ್ಸ್ ಇದಕ್ಕೆ ಒಳ್ಳೆಯ ಉತ್ತರ. ಕಯೋಟಿ ಬಂಡೆಯ ಅಂಚಿನಿಂದ ಬಿದ್ದು ಚುಕ್ಕೆಯಾಗಿ ಮಾಯವಾಗಲು 18 ಫ್ರೇಮು, ಅಲ್ಲಿಂದ ನೆಲದಲ್ಲಿ ಧೂಳು ಏಳಲು 14 ಫ್ರೇಮು ಎಂದು ಆತ ಲೆಕ್ಕ ಹೇಳಿದ್ದಾನೆ. ಹದಿಮೂರಾದರೂ ಹದಿನೈದಾದರೂ ನಗು ಬಾರದು ಎಂಬುದು ಆತನ ನಂಬಿಕೆ. ಇದರಲ್ಲಿ ಸ್ವಲ್ಪ ಜಂಬ ಇರಬಹುದು, ಇರಲಿ. ಗಮನಿಸಬೇಕಾದದ್ದು ಬೇರೆ. ವಾರ್ನರ್ ಸ್ಟುಡಿಯೋದಲ್ಲಿ ಆರೇಳು ನಿಮಿಷದ ಚಿತ್ರದ ಪ್ರತಿ ಚಲನೆಯ ಕಾಲಾವಧಿಯನ್ನು ನಿರ್ದೇಶಕ ಮೊದಲೇ ಹಾಳೆಗಳ ಮೇಲೆ ಗುರುತು ಹಾಕುತ್ತಿದ್ದ, ಅನಿಮೇಟರುಗಳ ಪೆನ್ಸಿಲ್ಲು ಆಮೇಲೆ. 1949ರ ಮೊದಲ ರೋಡ್ ರನ್ನರ್ ಚಿತ್ರದ ಕಥೆಗಾರ ಮೈಕೆಲ್ ಮಾಲ್ಟೀಸ್. ಅಲ್ಲಿನ ಕಥೆಗಾರರು ಪುಟ ತುಂಬಿಸುತ್ತಿರಲಿಲ್ಲ, ಗ್ಯಾಗುಗಳನ್ನು ಒಂದೊಂದಾಗಿ ಗೀಚಿ ಗೋಡೆಯ ಬೋರ್ಡಿಗೆ ಚುಚ್ಚುತ್ತಿದ್ದರು. ಅದು ಬರವಣಿಗೆಯೇ.

ಅಂಕಿಗಳು ಬದಲಾಗುತ್ತವೆ ಎಂಬುದು ನಿಜ. ಮೇಲೆ 20 ಎಂದು ಬರೆದದ್ದು ನೋಡುವಾಗ 26 ಆಗಬಹುದು. ಆದರೆ ಬದಲಿಸಲು ಮೊದಲು ಒಂದು ಅಂಕಿ ಇರಬೇಕು. ಅನಿಮೇಟರನ ಸ್ವಾತಂತ್ರ್ಯಕ್ಕೂ ಇದರಿಂದ ಕುಂದಿಲ್ಲ. ಆ ನಡಿಗೆಯ ಠೀವಿ, ಕಣ್ಣು ಮಿಟುಕಿಸುವಾಗ ಒಂದು ರೆಪ್ಪೆ ತುಸು ತಡವಾಗುವುದು, ಇವೆಲ್ಲ ಅವನವೇ. ಅವನನ್ನು ಬಿಡಿಸಬೇಕಾದದ್ದು ಬರಹಗಾರ ಮಾಡದೇ ಬಿಟ್ಟ ಕೆಲಸದಿಂದ.

ಇನ್ನೊಂದು ಕಳ್ಳತನವನ್ನೂ ಇಲ್ಲೇ ಹೇಳಿಬಿಡಬೇಕು. ಮಾತಿಲ್ಲದ ಚಿತ್ರ ಎಂದು ಹೆಸರಿಟ್ಟು ಫಲಕ, ಚೀಟಿ, ಮೊಬೈಲಿನ ಮೆಸೇಜು, ತಲೆಯ ಮೇಲಿನ ಗುಳ್ಳೆಯಲ್ಲಿ ಅಕ್ಷರ ತೋರಿಸುವುದು. ಪಕ್ಕದ ಬಸ್ಸು ಬೇರೆ ಊರಿನದು ಎಂದು ತಿಳಿಸಲು ಅದರ ಬೋರ್ಡಿನಲ್ಲಿ ದೇವನಾಗರಿಯಲ್ಲಿ ನಾಶಿಕ ಎಂದು ಬರೆದರೆ, ಅದು ಓದಲು ಬಂದವರಿಗೆ ಮಾತ್ರ ಹೇಳಿದ ಸಂಭಾಷಣೆ. ಸ್ವಾರಗೇಟಿನಲ್ಲಿ ನಿಂತ ಎಷ್ಟೋ ಕನ್ನಡಿಗರೇ ಆ ಬೋರ್ಡನ್ನು ಪಕ್ಕದವರಿಗೆ ತೋರಿಸಿ ಕೇಳುತ್ತಾರೆ. ಬದಲಿಗೆ ಬಸ್ಸಿನ ಮೇಲೇ ಊರನ್ನು ಹೇರಬಹುದು. ಅವನ ಬಸ್ಸಿನ ಟಾಪಿನ ಮೇಲೆ ಬೆಲ್ಲದ ಪೆಂಟೆ, ಪಕ್ಕದ್ದರ ಮೇಲೆ ದ್ರಾಕ್ಷಿಯ ಬುಟ್ಟಿಗಳು. ಅದೂ ಬೇಡವೆಂದರೆ ಬಣ್ಣ ಸಾಕು, ಒಂದು ಕೆಂಪು, ಇನ್ನೊಂದು ಹಸಿರು. ನೋಡುಗನಿಗೆ ಊರಿನ ಹೆಸರು ಬೇಕಿಲ್ಲ, ಇದು ಅದಲ್ಲ ಎಂದು ತಿಳಿದರಾಯಿತು. ವೈಭವ್ ಕುಮರೇಶ್ ಅವರ 'ಲ್ಯಾಂಪುಟ್' ಸರಣಿ ಮೊದಲು ಬಂದದ್ದು ತಲಾ 15 ಸೆಕೆಂಡಿನ ತುಣುಕುಗಳಾಗಿ. 24ರ ಲೆಕ್ಕದಲ್ಲಿ ಬರೀ 360 ಫ್ರೇಮು. ಆಕಾರ ಬದಲಿಸುವ ಕಿತ್ತಳೆ ಬಣ್ಣದ ಮುದ್ದೆಯೊಂದು, ಅದನ್ನು ಅಟ್ಟಿಸಿಕೊಂಡು ಬರುವ ಇಬ್ಬರು ಡಾಕ್ಟರುಗಳು. ಅಷ್ಟರೊಳಗೆ ಯಾವ ಫಲಕ ಓದಿಸಲು ಪುರುಸೊತ್ತಿದೆ? ಮುದ್ದೆ ಏನಾಗಿ ಅಡಗಿದರೂ ಅದರ ಕಿತ್ತಳೆ ಬಣ್ಣವೇ ನಮಗೆ ಗುಟ್ಟು ಹೇಳುತ್ತದೆ.

ಮಾತು ಬೇಡ ಎಂದರೆ ಸದ್ದು ಬೇಡ ಎಂದಲ್ಲ. ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಯೇ ಇರಬಾರದು. ಸಿಂಗೀತಂ ಶ್ರೀನಿವಾಸ ರಾವ್ ಬೆಂಗಳೂರಿನಲ್ಲಿ ತೆಗೆದ 'ಪುಷ್ಪಕ ವಿಮಾನ' (1987) ನಮ್ಮ ಕಣ್ಣೆದುರಿಗೇ ಇದೆ. ಅದು ಅನಿಮೇಷನ್ ಅಲ್ಲ, ಆದರೆ ಪಾಠ ಅದೇ. ಸಿನಿಮಾ ಟಾಕೀಸಿನ ಗದ್ದಲದ ಪಕ್ಕದಲ್ಲಿ ಮಲಗಿ ರೂಢಿಯಾದ ನಾಯಕನಿಗೆ ದೊಡ್ಡ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಹತ್ತುವುದಿಲ್ಲ. ಆ ಗದ್ದಲವನ್ನೇ ಟೇಪಿನಲ್ಲಿ ಹಿಡಿದು ತಂದು, ಹಾಕಿಕೊಂಡು ಮಲಗುತ್ತಾನೆ. ಸದ್ದಿಲ್ಲದೆ ಈ ಗ್ಯಾಗೇ ಇಲ್ಲ. ಅದೇ ಚಿತ್ರದ ಬಾಡಿಗೆ ಕೊಲೆಗಾರನ ಮಂಜುಗಡ್ಡೆಯ ಚಾಕು ಇನ್ನೂ ಮೇಲು. ಕರಗುವ ಆಯುಧ ಎಂದರೆ ಗಡಿಯಾರವನ್ನೇ ಅವನ ಕೈಗೆ ಕೊಟ್ಟಂತೆ. ಎಷ್ಟು ಹೊತ್ತು ಕಾಯಬಹುದು ಎಂಬುದನ್ನು ವಸ್ತುವೇ ಹೇಳುತ್ತದೆ. ಇಂಥದ್ದನ್ನು ಚಿತ್ರೀಕರಣದ ದಿನ ಯಾರೂ ಕಂಡುಹಿಡಿಯುವುದಿಲ್ಲ, ಬರೆಯುವಾಗಲೇ ಹೊಳೆಯಬೇಕು. ಕರ್ಚೀಫಿನ ಚಿತ್ರದಲ್ಲೂ ಡಬಲ್ ಬೆಲ್ ಅಂಥದ್ದೇ. ಅದನ್ನು ಮೊದಲೇ ಒಂದು ಸಲ ಕೇಳಿಸಿ, ಗಂಟೆ ಎರಡು ಸಲ ಬಾರಿಸಿದರೆ ಬಸ್ಸು ಹೊರಟಿತು ಎಂದು ಕಲಿಸಿಟ್ಟರೆ, ಆಮೇಲೆ ಬಸ್ಸನ್ನು ತೋರಿಸಬೇಕೆಂದೇ ಇಲ್ಲ. ಚಿತ್ರದಲ್ಲಿ ಆ ಗಂಟೆ ಮೂರಕ್ಕಿಂತ ಹೆಚ್ಚು ಸಲ ಕೇಳಬಾರದು.

ಕೊನೆಯ ವಿಷಯಕ್ಕೆ ಬಂದರೆ, ಬೀಗದ ಕೈ ಹೋಯಿತಲ್ಲ, ಅದರ ಆಸೆ ದೊಡ್ಡದು. ಅವನು ರಾತ್ರಿ ಊರು ತಲುಪುತ್ತಾನೆ, ಮನೆಗೆ ಬೀಗ, ಮೆಟ್ಟಿಲ ಮೇಲೆ ಒಬ್ಬನೇ ಕೂತು ಬಾಕರವಡಿ ತಿನ್ನುತ್ತಾನೆ, ಮೇಲೆ ಚಂದ್ರ, ಹಿಂದೆ ಕೊಳಲು. ಚಿತ್ರೋತ್ಸವದ ತೀರ್ಪುಗಾರರಿಗೆ ಇಷ್ಟವಾದೀತು ಎಂಬ ಲೆಕ್ಕದಲ್ಲಿ ನಮ್ಮ ಕಿರುಚಿತ್ರಗಳು ಕೊನೆಯ ಅರ್ಧ ನಿಮಿಷ ಹೀಗೆ ಕಣ್ಣೊರೆಸಿಕೊಳ್ಳುತ್ತವೆ. ಅದುವರೆಗಿನ ಹಾಸ್ಯಕ್ಕೆ ಕ್ಷಮೆ ಕೇಳಿದ ಹಾಗೆ. ಈ ಮುಕ್ತಾಯ ಮೊದಲ ಐದು ಸೆಕೆಂಡಿನಲ್ಲಿ ಕೊಟ್ಟ ನಿಯಮವನ್ನು ಮುಟ್ಟುವುದೇ ಇಲ್ಲ. ನಿಯಮ ಬಟ್ಟೆಯದು, ಬೀಗದ್ದಲ್ಲ. ಹೊರಟುಹೋದ ಬಸ್ಸಿನ ಒಳಗೆ ಹೋಗಿ ನೋಡಿದರೆ ಸರಿಯಾದ ಕೊನೆ ಅಲ್ಲೇ ಕಾಯುತ್ತಿದೆ. ಕಾಲಿಡಲು ಜಾಗವಿಲ್ಲದಷ್ಟು ಜನ, ಒಬ್ಬರ ಕಂಕುಳಲ್ಲಿ ಇನ್ನೊಬ್ಬರ ತಲೆ, ನಡುವೆ ಕಿಟಕಿ ಪಕ್ಕದ ಒಂದೇ ಒಂದು ಖಾಲಿ ಸೀಟು, ಅದರ ಮೇಲೆ ಗಂಟು ಕಟ್ಟಿದ ಕರ್ಚೀಫು. ಯಾರೂ ಕೂರುವುದಿಲ್ಲ. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಕರ್ಚೀಫಿನ ಮುಂದೆ ನಿಂತು, 18 ಫ್ರೇಮು ನೋಡಿ, ಒಂದು ಟಿಕೆಟ್ ಹರಿದು ಅದರ ಮೇಲಿಟ್ಟು ಮುಂದೆ ಹೋಗುತ್ತಾನೆ.

ಇಷ್ಟೆಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಪೂರ್ತಿ ಚಿತ್ರ ಮಾಡಬೇಕಿಲ್ಲ. ಒರಟು ಗೀಚುಚಿತ್ರಗಳನ್ನು ಬರೆದ ಫ್ರೇಮುಗಳ ಲೆಕ್ಕಕ್ಕೆ ಜೋಡಿಸಿದ ಅನಿಮ್ಯಾಟಿಕ್ ಸಾಕು. ಅದನ್ನು ಕಥೆ ಗೊತ್ತಿಲ್ಲದ ಒಬ್ಬರಿಗೆ ಒಂದೇ ಸಲ ತೋರಿಸಬೇಕು. ನಗು ಬಂತೇ ಎಂದು ಕೇಳಬಾರದು, ಸೌಜನ್ಯಕ್ಕೆ ಎಲ್ಲರೂ ಹೌದು ಎನ್ನುತ್ತಾರೆ. ಅವನು ಬಸ್ಸು ಹತ್ತುವ ಮೆಟ್ಟಿಲಲ್ಲಿ ಚಿತ್ರ ನಿಲ್ಲಿಸಿ, ಕರ್ಚೀಫು ಈಗ ಎಲ್ಲಿದೆ ಎಂದು ಕೇಳಬೇಕು. ಹೇಳಲಾಗದಿದ್ದರೆ ತಪ್ಪು ಕ್ಯಾಮೆರಾ ನಿಂತ ಜಾಗದ್ದು ಅಥವಾ ಸರಳಿನ ಸುತ್ತಿನದು, ಅಲ್ಲಿ ಫ್ರೇಮು ಕೂಡಿಸಬೇಕು. ಸರಿಯಾಗಿ ಹೇಳಿಯೂ ಮುಂದಿನ ಮೂರು ಸೆಕೆಂಡಿನಲ್ಲಿ ತುಟಿ ಅಲುಗದಿದ್ದರೆ ತಪ್ಪು ಆ 20, 4, 12ರಲ್ಲಿದೆ. ಅವರು ಕತ್ತು ತಿರುಗುವ ಮೊದಲೇ ನಕ್ಕುಬಿಟ್ಟರೆ 12ನ್ನು 6ಕ್ಕೆ ಇಳಿಸಿ, ಬೇರೆ ಒಬ್ಬರನ್ನು ಕರೆದು ಮತ್ತೆ ತೋರಿಸಬೇಕು. ಮೊದಲಿನವರು ಇನ್ನು ಉಪಯೋಗಕ್ಕೆ ಬರುವುದಿಲ್ಲ, ಅವರಿಗೆ ಕರ್ಚೀಫು ಎಲ್ಲಿ ಹೋಯಿತೆಂದು ಗೊತ್ತಾಗಿಬಿಟ್ಟಿದೆ.